ಅಡ್ವಾನ್ಸ್ ಕೊಟ್ಟವರ ತೊಟ್ಟಿಲು

ಚನ್ನಪಟ್ಟಣದ ದೇವರಾಜುವಿನ ಮರದ ಸಾಮಾನಿನ ಕಾರ್ಖಾನೆಗೆ ಆರ್ಡರ್ ಪುಸ್ತಕ ಬಂದದ್ದು ಅವನ ಹೆಂಡತಿ ಲತಾಮಣಿಯಿಂದ. ಅದಕ್ಕೆ ಮುಂಚೆ ಎಲ್ಲವೂ ದೇವರಾಜುವಿನ ತಲೆಯಲ್ಲಿ ಇರುತ್ತಿತ್ತು, ಇಲ್ಲವೇ ಮರ ಕಡೆಯುವ ಲೇತಿನ ಹಿಂದಿನ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ. ಮಳೆಗಾಲದಲ್ಲಿ ಗೋಡೆ ಬೆವರಿದಾಗ ಆರ್ಡರುಗಳೂ ಅಳಿಸಿಹೋಗುತ್ತಿದ್ದವು. ಒಮ್ಮೆ ಒಬ್ಬ ಸೋದರಮಾವ ತನ್ನ ಅಳಿಯನ ಮದುವೆಯ ಉಡುಗೊರೆಗೆಂದು ಕೆಂಪು ಬಣ್ಣದ ಸಾಮಾನಿಗೆ ದುಡ್ಡು ಕೊಟ್ಟು ಹೋಗಿದ್ದ. ಮದುವೆಯ ಹುಡುಗ ಫೋನು ಮಾಡಿ ಹಳದಿ ಮಾಡಿ ಅಂದ. ದೇವರಾಜು ಹಳದಿ ಮಾಡಿದ. ಮಾವ ಬಂದವನು ನೋಡಿ, ಬೈದು, ಬಿಟ್ಟುಹೋದ. ಆ ಸಾಮಾನು ಇವತ್ತಿಗೂ ಅಟ್ಟದ ಮೇಲಿದೆ.

ಆಮೇಲೆ ಲತಾಮಣಿ ಉದ್ದನೆಯ ಪುಸ್ತಕ ತಂದು ಗೆರೆ ಎಳೆದಳು. ನಂಬರು, ಹೆಸರು, ಊರು, ಫೋನು, ಏನು ಸಾಮಾನು, ಯಾವ ಅಳತೆ, ಯಾವ ಬಣ್ಣ, ಎಷ್ಟು ಅಡ್ವಾನ್ಸು, ಯಾವತ್ತು ಕೊಡಬೇಕು. ಕೊನೆಗೆ ಒಂದು ಅಗಲವಾದ ಮನೆ, ಬದಲಾವಣೆಗೆ. ಯಾರಾದರೂ ಬದಲಾವಣೆ ಹೇಳಿದರೆ ಹಳೆಯದನ್ನು ಅಳಿಸುವಂತಿಲ್ಲ. ಓದಲು ಬರುವಂತೆ ಅದರ ಮೇಲೆ ಒಂದೇ ಗೆರೆ ಎಳೆದು, ಹೊಸದನ್ನು ತಾರೀಕು ಸಮೇತ ಕೊನೆಯ ಮನೆಯಲ್ಲಿ ಬರೆದು, ಹೇಳಿದವರ ಸಹಿ ಹಾಕಿಸಿಕೊಳ್ಳಬೇಕು. ಅದರಿಂದ ಖರ್ಚು ಹೆಚ್ಚಿದರೂ, ಕೊಡುವ ದಿನ ಮುಂದೆ ಹೋದರೂ ಆಗಲೇ ಹೇಳಿಬಿಡಬೇಕು. ಆಮೇಲೆ ಕೆಲಸಕ್ಕೆ ತೆಗೆದಿಟ್ಟ ಮರಕ್ಕೆ ಕಟ್ಟಿರುವ ಚೀಟಿಯನ್ನೂ ತಿದ್ದಬೇಕು, ಯಾಕೆಂದರೆ ಲೇತಿನ ಮುಂದೆ ಕೂತ ಕೆಲಸಗಾರ ಆಫ್ತಾಬ್ ನೋಡುವುದು ಚೀಟಿಯನ್ನು, ಪುಸ್ತಕವನ್ನಲ್ಲ. ಫೋನಿನಲ್ಲಿ ಯಾರಾದರೂ ಬದಲಾವಣೆ ಹೇಳಿದರೆ ಲತಾಮಣಿ ಪೆನ್ಸಿಲಿನಲ್ಲಿ ಬರೆದು, ಪಕ್ಕದಲ್ಲಿ ‘ಕೇಳಬೇಕು’ ಅಂತ ಹಾಕುತ್ತಿದ್ದಳು. ಅಡ್ವಾನ್ಸ್ ಕೊಟ್ಟವರಿಗೆ ಫೋನು ಮಾಡಿ, ಅವರು ಹೂಂ ಅಂದ ಮೇಲೆ ಅದರ ಮೇಲೆ ಪೆನ್ನು ಹಾಯಿಸುತ್ತಿದ್ದಳು. ಅಡ್ವಾನ್ಸ್ ಕೊಟ್ಟವರ ಮಾತೇ ಮಾತು ಎಂದು ಗೋಡೆಯ ಮೇಲೆ ಬರೆಸಿಯೂ ಇದ್ದಳು. ಜಗಳಗಳು ನಿಂತವು. ಅವಳಿಗೆ ಅದರಲ್ಲಿ ಒಂದಿಷ್ಟು ಹೆಮ್ಮೆಯೂ ಇತ್ತು.

ಆ ವರ್ಷ ಸಂಕ್ರಾಂತಿ ಕಳೆದ ಮೇಲೆ ಮಾಗಡಿ ಕಡೆಯ ತಿಪ್ಪಸಂದ್ರದಿಂದ ಸರಸಮ್ಮ ಬಂದರು. ಗಂಡ ತೀರಿಕೊಂಡು ಬಹಳ ಕಾಲವಾಗಿತ್ತು. ಎರಡು ಹಸು, ಒಂದಿಷ್ಟು ರಾಗಿ ಹೊಲ, ಒಬ್ಬಳೇ ಮಗಳು ಸುಚಿತ್ರಾ. ಮಗಳು ಚೊಚ್ಚಲು ಹೆರಿಗೆಗೆ ತವರಿಗೆ ಬಂದಿದ್ದಳು. ಗಂಡು ಕೂಸು.

“ನಾಮಕರಣದಾಗೆ ಪಕ್ಕದ ಮನೆಯೋರ ತೊಟ್ಲು ಇಸ್ಕಂಡು ಮಲಗಿಸ್ದೆ ಕಣವ್ವ,” ಅಂದರು ಸರಸಮ್ಮ, ಮಣೆಯ ಮೇಲೆ ಕೂರುತ್ತಾ. “ಕೂಸು ಹುಟ್ಟಕ್ಕೆ ಮುಂಚೆ ತೊಟ್ಲು ತರಬಾರ್ದು ಅಂತಾರಲ್ಲ, ಅದ್ಕೇ ಸುಮ್ಕಿದ್ದೆ. ಆದ್ರೂ ಎರವಲು ತೊಟ್ಲು ಅಂದ್ರೆ ಎದೆಯಾಗೆ ಒಂಥರಾ ಕಚ್ತಿತ್ತು. ಮೂರನೇ ತಿಂಗಳಾಗೆ ಮಗೀನ ಗಂಡನ ಮನೇಗೆ ಕಳಿಸ್ಬೇಕು. ತೊಟ್ಲು ನಂದೇ ಇರ್ಬೇಕು. ನೋಡ್ದೋರು, ತಾಯಿ ಕೊಟ್ಲು ಅನ್ಬೇಕು.”

“ಆಗ್ಲಿ ಅಮ್ಮ. ನಿಲ್ಲಿಸೋದಾ, ತೂಗಾಕೋದಾ?” ಅಂದಳು ಲತಾಮಣಿ.

“ತೂಗಾಕೋದೇ! ಅವ್ರ ಮನೆ ನೀನು ನೋಡಿಲ್ವಲ್ಲ. ಕೆಂಗಲ್ಲಿಂದ ಒಸಿ ಒಳಕ್ಕೋಗ್ಬೇಕು. ತೊಟ್ಟಿಮನೆ. ತೊಲೆ ಅಂದ್ರೆ ಇಬ್ರು ತಬ್ಬಿದ್ರೂ ಸಿಕ್ಕಲ್ಲ. ಮದುವೆ ದಿನಾನೇ ನೋಡ್ಕಂಡಿದ್ದೆ, ಇದ್ರಾಗೆ ನನ್ನ ಮೊಮ್ಮಗನ ತೊಟ್ಲು ತೂಗ್ಬೇಕು ಅಂತ.”

“ಮದ್ವೆ ದಿನಾನೇ ಮೊಮ್ಮಗನ ಲೆಕ್ಕ ಹಾಕ್ಬುಟ್ರಾ?” ಎಂದು ದೇವರಾಜು ನಕ್ಕ.

“ಹಾಕ್ದೆ ಇನ್ನೇನಪ್ಪ, ನೀವು ಗಂಡಸ್ರು ಮದುವೆಯಾಗೆ ಊಟದ ಲೆಕ್ಕ ಹಾಕ್ತೀರ, ನಾನು ತೊಟ್ಲಿನ ಲೆಕ್ಕ ಹಾಕ್ದೆ.”

ತೂಗುತೊಟ್ಟಿಲು ಅಂದರೆ ತೊಲೆಯ ಎತ್ತರ ಗೊತ್ತಿರಬೇಕು, ಸರಪಳಿ ಅದಕ್ಕೆ ತಕ್ಕ ಹಾಗೆ. ಸರಸಮ್ಮ ಎದ್ದು ನಿಂತು ಕೈ ಮೇಲೆತ್ತಿ, ಅದರ ಮೇಲೆ ಇನ್ನಿಷ್ಟು ಅಂತ ಮೊಳ ಹಾಕಿ ತೋರಿಸಿದರು. ಮದುವೆಯ ದಿನ ಕಂಡ ತೊಲೆ ಆಕೆಯ ಕಣ್ಣಿನಲ್ಲಿ ಅಳತೆ ಸಮೇತ ಉಳಿದಿತ್ತು. ಲತಾಮಣಿ ಅದನ್ನು ಬರೆದುಕೊಂಡಳು. ಕೆಂಪು ಮತ್ತು ಹಸಿರು ಅರಗಿನ ಕಂಬಿಗಳು, ಮೇಲಿನ ಪಟ್ಟಿಗೆ ಎರಡು ಗಿಣಿ. ಸರಸಮ್ಮ ಸೆರಗಿನ ಗಂಟು ಬಿಚ್ಚಿ ಅಡ್ವಾನ್ಸ್ ಕೊಟ್ಟರು. ಲತಾಮಣಿ ರಸೀದಿ ಹರಿದುಕೊಟ್ಟು, ಮಗುವನ್ನು ಕಳಿಸುವ ದಿನಕ್ಕೆ ಸರಿಯಾಗಿ ಸಾಮಾನು ಕೈಗೆ ಬರುತ್ತದೆ ಎಂದು ಮಾತು ಕೊಟ್ಟಳು.

ವಾರ ಕಳೆದಿರಬೇಕು. ಒಂದು ಮಧ್ಯಾಹ್ನ ಲತಾಮಣಿಗೆ ಗೊತ್ತಿಲ್ಲದ ನಂಬರಿನಿಂದ ಫೋನು ಬಂತು. ಹೆಣ್ಣು ದನಿ, ಬಹಳ ಮೆಲ್ಲಗೆ. ಹಿಂದೆ ಹಸು ಮೇವು ಎಳೆಯುವ ಸದ್ದು.

“ಅಕ್ಕಾ, ನಾನು ಸುಚಿತ್ರಾ. ತಿಪ್ಪಸಂದ್ರದ ಸರಸಮ್ಮನ ಮಗಳು. ಅಮ್ಮ ಒಂದು ತೊಟ್ಲು ಹೇಳವ್ರಲ್ಲ... ಅದನ್ನ ಸ್ಟ್ಯಾಂಡಿನ ತೊಟ್ಲು ಮಾಡಕ್ಕಾಯ್ತದಾ?”

“ಆಯ್ತದೆ. ಯಾಕೆ, ತೂಗಾಕೋದು ಅಂದಿದ್ರಲ್ಲ ನಿಮ್ಮಮ್ಮ?”

ಸುಚಿತ್ರಾ ದನಿ ಇನ್ನೂ ತಗ್ಗಿಸಿ ಹೇಳಿದಳು. ಗಂಡ ಪುನೀತನಿಗೂ ಅವನ ಅಣ್ಣನಿಗೂ ಜಮೀನಿನ ವಿಷಯಕ್ಕೆ ಮಾತು ಬೆಳೆದು, ಅವಳು ಹೆರಿಗೆಗೆ ಬಂದ ಮೇಲೆ ಅವನು ಆ ಮನೆ ಬಿಟ್ಟಿದ್ದ. ಈಗ ಬೈರಮಂಗಲದ ಹತ್ತಿರ ಬಾಡಿಗೆಗೆ ಮನೆ ಹಿಡಿದಿದ್ದ. ಫ್ಯಾಕ್ಟರಿ ಕೆಲಸಕ್ಕೆ ಅಲ್ಲಿಂದ ಹತ್ತಿರ. ನಾಮಕರಣಕ್ಕೆ ಬೀಗರು ಯಾರೂ ಬರಲಿಲ್ಲ, ಸೂತಕ ಅಂತ ಪುನೀತ ಹೇಳಿ ದಾಟಿಸಿದ್ದ. ಸರಸಮ್ಮನಿಗೆ ಇದೇನೂ ತಿಳಿದಿರಲಿಲ್ಲ.

“ಶೀಟಿನ ಮನೆ ಅಕ್ಕಾ. ಮ್ಯಾಲೆ ಕಬ್ಬಿಣದ ಸಣ್ಣ ಪೈಪು. ಅದಕ್ಕೆ ತೊಟ್ಲು ಕಟ್ಟೋದಿರ್ಲಿ, ಫ್ಯಾನೂ ಕಟ್ಟಂಗಿಲ್ಲ. ಸ್ಟ್ಯಾಂಡಿದ್ರೆ ಹೆಂಗೋ ಒಂದು ಮೂಲೆಯಾಗೆ ಮಡಗ್ಬೋದು. ಮಗ ಮಲಗಿರೋದ ನೋಡಿದ್ರೆ ಅಮ್ಮ ಮನೆ ಕಡೀಕೆ ಅಷ್ಟಾಗಿ ನೋಡಲ್ಲ. ನಾನು ಆಮ್ಯಾಕೆ ನಿಧಾನ್ವಾಗಿ ಹೇಳ್ಕಂತೀನಿ. ತೂಗಾಕೋ ತೊಟ್ಲು ಬಂದ್ರೆ ಎಲ್ರೂ ತಲೆ ಎತ್ತಿ ತೊಲೆ ಹುಡುಕ್ತಾರೆ ಅಕ್ಕಾ. ಹೆಚ್ಗೆ ದುಡ್ಡು ನಾನು ಕೊಡ್ತೀನಿ.”

ಲತಾಮಣಿ ಪೆನ್ಸಿಲು ತೆಗೆದುಕೊಂಡಿದ್ದಳು. ಸರಸಮ್ಮನ ಆರ್ಡರಿನ ಪುಟವನ್ನೂ ತೆರೆದಿದ್ದಳು.

“ನಿಮ್ಮಮ್ಮಂಗೆ ಒಂದು ಮಾತು ಕೇಳ್ತೀನಿ ಇರು ತಾಯಿ. ಅವ್ರು ಹೂಂ ಅಂದ್ರೆ...”

“ಅಯ್ಯೋ, ಬ್ಯಾಡಿ ಅಕ್ಕಾ! ಅಮ್ಮಂಗೆ ಗೊತ್ತಾಗ್ಬಾರ್ದು ಅಂತ್ಲೇ ಅಲ್ವಾ ಹಸಿನ ಮನೇಲಿ ನಿಂತ್ಕಂಡು ಮಾತಾಡ್ತಿರೋದು.”

ಪೆನ್ಸಿಲಿನಲ್ಲಿ ಬರೆದರೆ ಕೇಳಲೇಬೇಕು. ಕೇಳಿದರೆ ಈ ಹುಡುಗಿಯ ಗುಟ್ಟು ಬಯಲಾಗುತ್ತದೆ. ಕೇಳದೆ ಸ್ಟ್ಯಾಂಡು ಮಾಡಿಸಿದರೆ ನಾಳೆ ಸರಸಮ್ಮ ಬಂದು, ನಾನು ಹೇಳಿದ್ದೇನು ನೀವು ಮಾಡಿದ್ದೇನು ಅಂದರೆ ಏನು ಹೇಳುವುದು? ಅಟ್ಟದ ಮೇಲಿನ ಹಳದಿ ಸಾಮಾನು ಅವಳಿಗೆ ನೆನಪಾಯಿತು.

“ನೋಡು ತಾಯಿ, ನಮ್ಮಲ್ಲಿ ಅಡ್ವಾನ್ಸ್ ಕೊಟ್ಟೋರು ಹೇಳ್ದಂಗೇ ಮಾಡೋದು. ನಾನು ನಿಮ್ಮಮ್ಮಂಗೆ ಏನೂ ಹೇಳಲ್ಲ. ನೀನೇ ಹೆಂಗಾದ್ರೂ ಅವ್ರ ಬಾಯಲ್ಲಿ ಹೇಳ್ಸು. ಸ್ಟ್ಯಾಂಡೇ ಚೆಂದ, ಬೇಕಾದ ಕಡೆ ಇಟ್ಕಬೋದು ಅಂತ ಏನಾದ್ರೂ ಹೇಳು.”

“ಅಮ್ಮಂಗೆ ಆ ತೊಲೇದೇ ಗ್ಯಾನ ಅಕ್ಕಾ,” ಅಂದಳು ಸುಚಿತ್ರಾ. “ಸರಿ, ಬುಡಿ” ಅಂದು ಫೋನು ಇಟ್ಟಳು.

ಲತಾಮಣಿ ಪೆನ್ಸಿಲನ್ನು ಪುಸ್ತಕದ ಮಡಿಕೆಯಲ್ಲಿಟ್ಟು ಮುಚ್ಚಿದಳು. ಏನೂ ಬರೆಯಲಿಲ್ಲ. ರಾತ್ರಿ ಊಟಕ್ಕೆ ಕೂತಾಗ ಗಂಡನಿಗೆ ಹೇಳಿದಳು. “ಅವ್ರ ಮನೆ ವಿಷ್ಯ ನಮಗ್ಯಾಕೆ?” ಅಂದ ದೇವರಾಜು. “ನೀನು ಮಾಡಿದ್ದೇ ಸರಿ. ಈ ಕಡೆ ಬರ್ದ್ರೂ ಜಗಳ, ಆ ಕಡೆ ಬರ್ದ್ರೂ ಜಗಳ.” ಅವಳಿಗೂ ಹಾಗೇ ಅನ್ನಿಸಿತು.

ಕಂಬಿಗಳ ಕೆಲಸ ನಡೆಯುತ್ತಿರುವಾಗ ಸರಸಮ್ಮ ಮತ್ತೆ ಬಂದರು, ಕೆಲಸ ನೋಡಿಕೊಂಡು ಹೋಗಲು. ಲೇತಿನ ಮೇಲೆ ತಿರುಗುತ್ತಿದ್ದ ಕಂಬಿಗೆ ಆಫ್ತಾಬ್ ಅರಗಿನ ಕಡ್ಡಿ ಒತ್ತುತ್ತಿದ್ದ. ಉಜ್ಜಿದ ಬಿಸಿಗೆ ಅರಗು ಕರಗಿ, ಮರದ ಸುತ್ತ ಕೆಂಪು ಹರಡುತ್ತಿತ್ತು. ಅದರ ಮೇಲೆ ತಾಳೆಗರಿ ಹಿಡಿದಾಗ ಕಂಬಿ ಫಳಫಳ ಅಂದಿತು.

“ಅಯ್ಯೋ ನನ್ನ ಬಂಗಾರ! ಮುಟ್ಬೋದಾ ಸಾಬ್ರೇ?”

“ಈಗ ಮುಟ್ಟಿದ್ರೆ ಸುಟ್ಟೋಯ್ತದೆ ಅಮ್ಮ. ಒಸಿ ಆರ್ಲಿ. ಮೊಮ್ಮಗ ಮುಟ್ಟೋದಕ್ಕೇ ಅಲ್ವಾ ಮಾಡ್ತಿರೋದು,” ಅಂದ ಆಫ್ತಾಬ್.

ಸರಸಮ್ಮನ ಮುಖ ಅರಳಿತು. ಲತಾಮಣಿಯ ಕಡೆ ತಿರುಗಿ, “ಗಿಣಿ ಎರಡು ಅಂದಿದ್ದೆ ಅಲ್ವಾ? ನಾಕು ಮಾಡ್ಸವ್ವ. ನಾಕು ಮೂಲೇಗೂ ಒಂದೊಂದು. ಕೂಸು ಯಾವ ಕಡೆ ತಿರುಗಿದ್ರೂ ಒಂದು ಗಿಣಿ ಕಾಣ್ಬೇಕು” ಅಂದರು.

ಲತಾಮಣಿ ‘ಎರಡು’ ಎಂಬುದರ ಮೇಲೆ ಗೆರೆ ಎಳೆದು, ಕೊನೆಯ ಮನೆಯಲ್ಲಿ ‘ಗಿಣಿ ನಾಲ್ಕು’ ಅಂತ ತಾರೀಕು ಹಾಕಿ ಬರೆದಳು. ಹೆಚ್ಚಿಗೆ ಎಷ್ಟಾಗುತ್ತದೆ ಅಂತ ಹೇಳಿದಳು, ದಿನ ಮುಂದೆ ಹೋಗುವುದಿಲ್ಲ ಅಂದಳು. ಸರಸಮ್ಮ ಪೆನ್ನನ್ನು ಬಿಗಿಯಾಗಿ ಹಿಡಿದು, ಒಂದೊಂದೇ ಅಕ್ಷರ ಕೂಡಿಸಿ ಸಹಿ ಹಾಕಿದರು. ಸಹಿಯ ಪಕ್ಕದಲ್ಲಿ ಇನ್ನೂ ಬೇಕಾದಷ್ಟು ಜಾಗ ಇತ್ತು.

ಆಗ ಲತಾಮಣಿಯ ಬಾಯಿಗೆ ಮಾತು ಬಂದಿತ್ತು. ಸ್ಟ್ಯಾಂಡೂ ಇದ್ರೆ ಹೆಂಗೆ ಅಮ್ಮ, ಬೇಸಿಗೆಗೆ ಜಗಲಿ ಮೇಲೂ ಇಟ್ಕಬೋದು ಅಂತ ಅಂದಿದ್ದರೆ ಸಾಕಾಗಿತ್ತು. ಯಾರ ಗುಟ್ಟೂ ಬಯಲಾಗುತ್ತಿರಲಿಲ್ಲ. ವ್ಯಾಪಾರಸ್ಥರು ಸಾವಿರ ಸಲ ಆಡುವಂಥ ಮಾತು ಅದು. ಆದರೆ ಅಷ್ಟರಲ್ಲಿ ಸರಸಮ್ಮ ತೊಲೆಯ ವಿಷಯ ಎತ್ತಿದರು. “ಆ ತೊಲೇಗೆ ಹಳೇ ಕಾಲದ ಕೊಂಡಿ ಒಂದೈತೆ ಕಣವ್ವ. ಅಳಿಯನ್ನೂ ಅದ್ರಾಗೇ ತೂಗಿದ್ರಂತೆ.” ಲತಾಮಣಿ ಪುಸ್ತಕ ಮುಚ್ಚಿ, “ಕಾಫಿ ಕುಡೀರಿ” ಅಂದಳು.

ಹೇಳಿದ ದಿನಕ್ಕೆ ತೊಟ್ಟಿಲು ಸಿದ್ಧವಾಯಿತು. ತೂಗುತೊಟ್ಟಿಲನ್ನು ಕಟ್ಟಿಕೊಟ್ಟು, ಭಾರ ಹಾಕಿ ನೋಡಿ ಬರುವುದು ದೇವರಾಜುವಿನ ಪದ್ಧತಿ. “ನೀನೂ ಬಾರವ್ವ, ಒಬ್ಬಟ್ಟು ಮಾಡಿಸ್ತೀನಿ” ಅಂತ ಸರಸಮ್ಮ ಕರೆದಿದ್ದರಿಂದ ಲತಾಮಣಿಯೂ ಹೊರಟಳು. ಸುಚಿತ್ರಾ ತನಗೆ ಮತ್ತೆ ಫೋನು ಮಾಡಿಲ್ಲ, ತಾಯಿಗೆ ಹೇಳಿಕೊಂಡಿರಬಹುದು, ಅಣ್ಣತಮ್ಮಂದಿರು ರಾಜಿಯಾಗಿರಬಹುದು ಅಂತ ದಾರಿಯುದ್ದಕ್ಕೂ ಅಂದುಕೊಂಡಳು.

ಕೆಂಗಲ್ ಆಂಜನೇಯನ ಗುಡಿಯ ಹತ್ತಿರ ತಿಪ್ಪಸಂದ್ರದಿಂದ ಬಂದ ಕಾರು ಕಾದಿತ್ತು. ಮಗುವಿಗೆ ಕೈ ಮುಗಿಸಿಕೊಂಡು ಬಂದಿದ್ದರು. ಸರಸಮ್ಮ ರೇಷ್ಮೆ ಸೀರೆ ಉಟ್ಟಿದ್ದರು. ಮಗುವನ್ನು ಎತ್ತಿಕೊಂಡಿದ್ದ ಸುಚಿತ್ರಾ ಲತಾಮಣಿಯನ್ನು ನೋಡಿ ತಲೆ ತಗ್ಗಿಸಿದಳು. ಅಷ್ಟರಲ್ಲೇ ಲತಾಮಣಿಗೆ ಗೊತ್ತಾಯಿತು, ತಾಯಿಗೆ ಏನೂ ಹೇಳಿಲ್ಲ ಅಂತ.

ತೊಟ್ಟಿಲು ಹೊತ್ತ ಟೆಂಪೋ ಓಡಿಸುತ್ತಿದ್ದವನು ಬಾಲರಾಜು. “ಯಾವ ಕಡೀಕೆ ತಿರುಗ್ಸನ ಅವ್ವಾ? ಈ ಕಡೀಕಾ?” ಅಂದ.

“ಹೂಂ ಕಣಪ್ಪ, ಒಳಗಡೆ ರಸ್ತೆ,” ಅಂದರು ಸರಸಮ್ಮ.

“ಇಲ್ಲ,” ಅಂದಳು ಸುಚಿತ್ರಾ. “ಬಿಡದಿ ಕಡೀಕೆ ಹೋಗ್ಬೇಕು. ಬೈರಮಂಗಲ.”

“ಅಲ್ಲೇನೈತೆ?”

“ಬಾ ಅಮ್ಮ, ಹೇಳ್ತೀನಿ.”

ಕಾರಿನೊಳಗೆ ಏನು ಮಾತಾಯಿತೋ ಟೆಂಪೋದಲ್ಲಿದ್ದವರಿಗೆ ಕೇಳಿಸಲಿಲ್ಲ. ಬೈರಮಂಗಲದ ಹತ್ತಿರ ಸಾಲಾಗಿ ಕಟ್ಟಿದ ಬಾಡಿಗೆ ಮನೆಗಳ ಮುಂದೆ ಇಳಿಯುವಾಗ ಸರಸಮ್ಮನ ಮುಖ ಕಲ್ಲಿನಂತಿತ್ತು. ಪುನೀತ ಬಾಗಿಲಿಗೆ ಮಾವಿನೆಲೆ ಕಟ್ಟಿದ್ದ. ಹೊಸದಾಗಿ ಸುಣ್ಣ ಹೊಡೆದಿದ್ದ. ಕೈಗೆ ಇನ್ನೂ ಸುಣ್ಣ ಅಂಟಿತ್ತು. “ಬನ್ನಿ ಅತ್ತೆ” ಅಂತ ಕರೆದ ದನಿ ಅರ್ಧಕ್ಕೇ ನಿಂತಿತು.

ಆರತಿ ಎತ್ತಿ ಒಳಗೆ ಬಂದದ್ದಾಯಿತು. ದೇವರಾಜುವೂ ಬಾಲರಾಜುವೂ ತೊಟ್ಟಿಲನ್ನು ಅಡ್ಡ ಮಾಡಿ ಹೇಗೋ ಬಾಗಿಲಿನಿಂದ ತೂರಿಸಿದರು. ಸುತ್ತಿದ್ದ ಬಟ್ಟೆ ಬಿಚ್ಚಿದಾಗ ಕೆಂಪು, ಹಸಿರು, ನಾಲ್ಕು ಗಿಣಿ ಆ ಸಣ್ಣ ಕೋಣೆಯನ್ನೆಲ್ಲ ತುಂಬಿಕೊಂಡವು. ದೇವರಾಜು ಸರಪಳಿ ಕೈಗೆ ತೆಗೆದುಕೊಂಡ. ತೆಗೆದುಕೊಂಡು, ಅಭ್ಯಾಸದಂತೆ ತಲೆ ಎತ್ತಿದ. ಬಾಲರಾಜುವೂ ಎತ್ತಿದ. ಪಕ್ಕದ ಮನೆಯಿಂದ ನೋಡಲು ಬಂದಿದ್ದ ಇಬ್ಬರು ಹೆಂಗಸರೂ ಎತ್ತಿದರು. ಕೊನೆಗೆ ಸರಸಮ್ಮ.

ಮೇಲೆ ಬಿಸಿಲಿಗೆ ಟಕ್ ಟಕ್ ಅನ್ನುವ ಶೀಟು.

“ಇದಕ್ಕೆ ಕಟ್ಟಿದ್ರೆ ಶೀಟು ಸಮೇತ ತಲೆ ಮ್ಯಾಲೆ ಬತ್ತದೆ,” ಅಂದ ಬಾಲರಾಜು. ತಮಾಷೆಗೆ ಅಂದದ್ದು. ಯಾರೂ ನಗಲಿಲ್ಲ.

ದೇವರಾಜು ಮೆಲ್ಲಗೆ ಸರಪಳಿಯನ್ನು ತೊಟ್ಟಿಲೊಳಗೆ ಇಟ್ಟ. “ಏನಿಲ್ಲ ಅಮ್ಮ, ಒಂದು ಸ್ಟ್ಯಾಂಡು ಮಾಡ್ಕೊಡ್ತೀನಿ. ಒಣಗಿರೋ ದಪ್ಪ ಮರ ತರಿಸ್ಬೇಕು, ಒಸಿ ದಿನ ಹಿಡೀತದೆ ಅಷ್ಟೇ.”

ಸರಸಮ್ಮ ಅವನ ಮಾತು ಕೇಳಿಸಿಕೊಂಡಂತೆ ಕಾಣಲಿಲ್ಲ. ಮಗಳನ್ನೇ ನೋಡುತ್ತಿದ್ದರು. “ಶೀಟಿನ ಮನೆ ಅಂತ ನಂಗೇನು ಬೇಜಾರಿಲ್ಲ ಕಣೇ. ನಾನು ಹುಲ್ಲಿನ ಮನೇಗೆ ಸೊಸೆಯಾಗಿ ಬಂದೋಳು. ಊರೆಲ್ಲಾ ತೊಲೆ ತೊಲೆ ಅಂತ ಹೇಳ್ಕಂಡು ತಿರುಗ್ತಿದ್ನಲ್ಲ, ಒಂದಿನ ಬಾಯಿ ಮುಚ್ಚು ಅನ್ಬೋದಾಗಿತ್ತಲ್ಲ ನೀನು.”

“ನೀನು ಅಷ್ಟು ಕುಸಿಯಾಗಿದ್ದಲ್ಲಮ್ಮ. ಹೆಂಗೆ ಹೇಳ್ಲಿ?” ಸುಚಿತ್ರಾಳ ಕಣ್ಣು ತುಂಬಿತು. ಹಾಗೆ ಹೇಳುವಾಗ ಅವಳ ನೋಟ ಒಂದು ಕ್ಷಣ ಲತಾಮಣಿಯ ಮೇಲೆ ಬಿದ್ದು ಹಿಂದಕ್ಕೆ ಸರಿಯಿತು.

ಸರಸಮ್ಮ ಅದನ್ನು ಕಂಡರು. “ನಿಂಗೂ ಗೊತ್ತಿತ್ತಾ?”

ಲತಾಮಣಿಗೆ ಸುಳ್ಳು ಹೇಳಲು ಆಗಲಿಲ್ಲ. “ಸ್ಟ್ಯಾಂಡು ಮಾಡಿ ಅಂತ ಫೋನ್ ಮಾಡಿದ್ಲು ಅಮ್ಮ. ಅಡ್ವಾನ್ಸ್ ಕೊಟ್ಟೋರು ನೀವು ಅಂತ... ನಾನೇ ಬರ್ಕಳ್ಲಿಲ್ಲ.”

“ಅಂಗಡಿಯೋರಿಗೆ ಗೊತ್ತು. ಗಿಣಿ ನಾಕು ಮಾಡು ಅಂತ ನಾನು ಕುಣೀತಿದ್ದಾಗ ನಿಂಗೆ ಗೊತ್ತಿತ್ತು.” ಸರಸಮ್ಮ ದನಿ ಎತ್ತಲಿಲ್ಲ. “ನಿಂತ್ಕಂಡು ನೋಡ್ತಿದ್ದೆ.”

ಸರಸಮ್ಮ ಮೊಮ್ಮಗನನ್ನು ಎತ್ತಿ ಮುದ್ದಿಸಿ ಮಗಳ ಕೈಗೆ ಕೊಟ್ಟರು. ಒಬ್ಬಟ್ಟಿನ ಡಬ್ಬಿ ಒಲೆಯ ಪಕ್ಕಕ್ಕೆ ಇಟ್ಟರು. ತಾವು ಮಾತ್ರ ನೀರೂ ಕುಡಿಯಲಿಲ್ಲ. “ಹಸು ಕರೀಬೇಕು” ಅಂತ ಕಾರು ಹತ್ತಿದರು. ಪುನೀತ ರಸ್ತೆಯವರೆಗೂ ಹಿಂದೆಯೇ ಹೋದ. ಅವರು ಕಾರಿನ ಗಾಜು ಇಳಿಸಲಿಲ್ಲ. ಕೂಸು ಅಳತೊಡಗಿತು. ಪಕ್ಕದ ಮನೆಯ ಹೆಂಗಸು ಕಿಟಕಿ ಸರಳಿಗೂ ಗೋಡೆಯ ಮೊಳೆಗೂ ಸೀರೆ ಕಟ್ಟಿ ಜೋಲಿ ಮಾಡಿದಳು. ತೊಟ್ಟಿಲು ನೆಲದ ಮೇಲೆ, ದಾರಿಗೆ ಅಡ್ಡವಾಗಿ ಕೂತಿತ್ತು. ಲತಾಮಣಿ ಅದನ್ನು ಸುತ್ತಿಕೊಂಡು ಆಚೆ ಬಂದಳು.

ಮಾರನೆಯ ದಿನವೇ ದೇವರಾಜು ಸ್ಟ್ಯಾಂಡಿಗೆ ಮರ ತರಿಸಿದ. ಅದಕ್ಕೆ ದುಡ್ಡು ಕೇಳಲಿಲ್ಲ, ಪುಸ್ತಕದಲ್ಲೂ ಬರೆಯಲಿಲ್ಲ. ಆದರೆ ಆ ಊರು ಈ ಊರಿನ ಆರ್ಡರುಗಳ ನಡುವೆ, ಮರ ಒಣಗಿಲ್ಲ, ಕರೆಂಟಿಲ್ಲ, ಆಫ್ತಾಬನ ಮನೆಯಲ್ಲಿ ಮದುವೆ ಅಂತ ಅದು ಹಿಂದೆ ಬೀಳುತ್ತಾ ಹೋಯಿತು. ಪುಸ್ತಕದಲ್ಲಿ ಇಲ್ಲದ ಕೆಲಸಕ್ಕೆ ಕೊಡುವ ದಿನವೂ ಇರುವುದಿಲ್ಲ. ಬೇಸಿಗೆ ಮುಗಿದು ಹೊಲ ಉಳುವ ಹೊತ್ತಿಗೆ ಸ್ಟ್ಯಾಂಡು ಮುಗಿಯಿತು. ಲತಾಮಣಿ ಸುಚಿತ್ರಾಳ ನಂಬರಿಗೆ ಮಾಡಿದಳು, ಯಾರೂ ಎತ್ತಲಿಲ್ಲ. ಎರಡು ದಿನ ಯೋಚಿಸಿ ಸರಸಮ್ಮನಿಗೆ ಮಾಡಿದಳು.

“ಅಮ್ಮ, ಚನ್ನಪಟ್ಣದಿಂದ ಲತಾಮಣಿ. ಸ್ಟ್ಯಾಂಡು ಆಗೈತೆ. ನಮ್ಮೋರು ಬೈರಮಂಗಲಕ್ಕೆ ತಂದು ಜೋಡ್ಸಿ ಕೊಡ್ತಾರೆ. ಯಾವತ್ತು ಬರ್ಲಿ ಹೇಳಿ.”

“ತೊಟ್ಲು ಅಲ್ಲಿಲ್ಲ ಕಣವ್ವ. ಜಾಗ ಇಲ್ಲ ಅಂತ ಅಳಿಯ ತಂದು ನಮ್ಮನೆ ಜಗಲಿ ಮ್ಯಾಲೆ ಮಡಗಿ ಹೋದ. ನಾನು ಹೊಲದಾಗಿದ್ದೆ. ನೋಡಕ್ಕೂ ಆಗ್ಲಿಲ್ಲ ಅವನ್ನ.”

“ಹಂಗಾದ್ರೆ ನಿಮ್ಮನೇಗೇ ತರ್ತೀವಿ. ಮಗಳು ಬಂದಾಗ...”

“ಬ್ಯಾಡ ಬುಡು. ಕೂಸು ಈಗ ಬೋರಲಾಗಿ ತೆವಳ್ತದಂತೆ. ಹಿಡ್ಕಂಡ್ರೂ ನಿಲ್ಲಲ್ಲಂತೆ. ತೊಟ್ಲಾಗೆ ಹಾಕಿದ್ರೆ ಕಂಬಿ ಹಿಡ್ದು ಮಗುಚ್ಕತ್ತದೆ ಇನ್ನು.”

ಅಂತೆ, ಅಂತೆ ಅನ್ನುತ್ತಿದ್ದರು. ಹೋಗಿ ನೋಡಿಲ್ಲವೆಂದು ಲತಾಮಣಿಗೆ ಅರ್ಥವಾಯಿತು. “ನೀವು ಒಂದ್ಸಲ ಹೋಗಿ ಬನ್ನಿ ಅಮ್ಮ” ಅಂದಳು.

“ಹೋಗ್ಬೇಕು. ಅವ್ಳು ಕರೀಲಿ ಅಂತ ನಾನು, ನಾನೇ ಬರ್ಲಿ ಅಂತ ಅವ್ಳು.” ಸರಸಮ್ಮ ನಿಟ್ಟುಸಿರು ಬಿಟ್ಟರು. “ಅವತ್ತು ಅವ್ಳು ಫೋನ್ ಮಾಡ್ದಾಗ ನೀನು ನಂಗೊಂದು ಮಾತು ಹೇಳ್ಬುಟ್ಟಿದ್ರೆ ಏನಾಗ್ತಿತ್ತು ಅಂತ ಯೋಚ್ನೆ ಮಾಡ್ತಿರ್ತೀನಿ ಕಣವ್ವ. ನಿನ್ನ ಮ್ಯಾಲೆ ಕೋಪಕ್ಕಲ್ಲ. ಅವ್ಳನ್ನ ಬೈತಿದ್ದೆ. ಒಂದಿನ ಅನ್ನ ಬುಡ್ತಿದ್ದೆ. ಅಳಿಯ ಬಂದಾಗ ಅವನ್ಗೂ ನಾಕು ಅಂತಿದ್ದೆ. ಎಲ್ಲಾ ನಮ್ಮನೇ ಒಳಗೇ ಮುಗೀತಿತ್ತು. ಆಮ್ಯಾಕೆ ನಾನೇ ಬಸ್ಸತ್ತಿ ಬಂದು ಸ್ಟ್ಯಾಂಡು ಹಾಕ್ಸು ಅಂತ ಹೇಳ್ತಿದ್ದೆ. ರುಜುನೂ ಹಾಕ್ತಿದ್ದೆ.”

ಹಿಂದಿನಿಂದ ಹಸು ಕೂಗಿತು. ಸರಸಮ್ಮ “ಬಂದೆ ಇರು” ಅಂದರು, ಹಸುವಿಗೋ ಇವಳಿಗೋ ತಿಳಿಯಲಿಲ್ಲ. ಲತಾಮಣಿ ಫೋನನ್ನು ಕಿವಿಯಿಂದ ತೆಗೆಯಲಿಲ್ಲ. ದೂರದಲ್ಲಿ ಬಕೆಟ್ಟಿಗೆ ನೀರು ಸುರಿಯುವ ಸದ್ದು, ಸರಸಮ್ಮ ಹಸುವನ್ನು ಮಾತಾಡಿಸುವ ಸದ್ದು ಬಹಳ ಹೊತ್ತು ಕೇಳುತ್ತಿತ್ತು. ಅವರು ಫೋನು ಆರಿಸುವುದನ್ನು ಮರೆತಿದ್ದರು.